ಎರಡನೇ ಹಾಳೆಯ ಒಪ್ಪಿಗೆ

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಒಂದು ಜವಳಿ ಅಂಗಡಿಯ ಮಹಡಿಯ ಮೇಲೆ ನಿವೃತ್ತ ಇಂಜಿನಿಯರ್ ಚಿನ್ನಸ್ವಾಮಿಯವರ ಕಚೇರಿ ಇತ್ತು. ಎರಡೇ ಕೋಣೆ. ಮುಂದಿನದರಲ್ಲಿ ಅವರ ಮೇಜು. ಹಿಂದಿನದರಲ್ಲಿ ಉತ್ತರದ ಕಿಟಕಿಗೆ ಒತ್ತಿಕೊಂಡಂತೆ ಇಳಿಜಾರಿನ ದೊಡ್ಡ ಹಲಗೆ. ಆ ಹಲಗೆಯ ಮುಂದೆ ಹನ್ನೊಂದು ವರ್ಷದಿಂದ ನಿಂತು ಕೆಲಸ ಮಾಡುತ್ತಿದ್ದವರು ನಕ್ಷೆಗಾರ ಆದಿನಾರಾಯಣಪ್ಪ.

ಅವರ ತಂದೆ ಪಿಳ್ಳಪ್ಪ ಕುಣಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ಮಗನೂ ಮಗ್ಗಕ್ಕೆ ಇಳಿಯಬೇಕಾಗಿತ್ತು. ಆದರೆ ಹುಡುಗ ಚೌಕಳಿ ಕಾಗದದ ಮೇಲೆ ಅಂಚಿನ ವಿನ್ಯಾಸ ಬರೆಯುವುದರಲ್ಲೇ ಹೊತ್ತು ಕಳೆಯುತ್ತಿದ್ದ. ಒಬ್ಬ ಮೇಷ್ಟರು ಅದನ್ನು ನೋಡಿ, ಬೆಂಗಳೂರಿನಲ್ಲಿ ನಕ್ಷೆ ಬರೆಯುವುದನ್ನು ಹೇಳಿಕೊಡುವ ಶಾಲೆ ಇದೆ, ಕಳಿಸಿ ಅಂದರು. ಪಿಳ್ಳಪ್ಪ ಎರಡು ದಿನ ಯೋಚನೆ ಮಾಡಿ ಕಳಿಸಿದರು. ಹೀಗೆ ನೇಕಾರರ ಬೀದಿಯ ಹುಡುಗನೊಬ್ಬ ಸೇತುವೆ, ಕಟ್ಟಡಗಳ ನಕ್ಷೆ ಬರೆಯುವವನಾದ. ಕೆಲವು ವರ್ಷ ಬೆಂಗಳೂರಿನಲ್ಲಿ ದುಡಿದು, ಚಿನ್ನಸ್ವಾಮಿಯವರು ಸ್ವಂತ ಕಚೇರಿ ತೆರೆದಾಗ ಊರಿಗೇ ಮರಳಿದರು. ಈ ಕಥೆಯ ಕಾಲಕ್ಕೆ, ಅಂದರೆ ಸಾವಿರದ ಒಂಬೈನೂರ ನಲವತ್ತೆಂಟರ ಕೊನೆಗೆ, ಅವರಿಗೆ ನಲವತ್ತಾರು ವರ್ಷ. ಕನ್ನಡಕ ಬಂದಿತ್ತು, ಕೈ ಮಾತ್ರ ನಡುಗುತ್ತಿರಲಿಲ್ಲ.

ಆ ವರ್ಷ ಊರಿನ ನೇಕಾರರ ಸಂಘದವರು ಅರವತ್ತು ಮಗ್ಗ ಹಿಡಿಸುವ ಒಂದು ದೊಡ್ಡ ಷೆಡ್ಡು ಕಟ್ಟಿಸುತ್ತಿದ್ದರು. ಮಧ್ಯದಲ್ಲಿ ಕಂಬ ಇರಕೂಡದು, ಕಂಬ ಬಂದರೆ ಮಗ್ಗಕ್ಕೆ ಅಡ್ಡ. ಅದಕ್ಕೆ ಚಿನ್ನಸ್ವಾಮಿಯವರು ಗೋಡೆಯಿಂದ ಗೋಡೆಗೆ ನಲವತ್ತಡಿ ಹಾಯುವ ಐದು ಕಬ್ಬಿಣದ ಟ್ರಸ್ಸುಗಳನ್ನು ಗೊತ್ತುಮಾಡಿದ್ದರು. ಟ್ರಸ್ಸು ಅಂದರೆ ಹೆಂಚಿನ ಮಾಡನ್ನು ಹೊರುವ ತ್ರಿಕೋನದ ಚೌಕಟ್ಟು: ಎಲ್ ಅಕ್ಷರದಂತೆ ಮಡಿಚಿದ ಕಬ್ಬಿಣದ ಆ್ಯಂಗಲ್‌ಗಳನ್ನು ಒಂದಕ್ಕೊಂದು ತಾಗಿಸಿ, ಕೂಡುವ ಕಡೆ ನಡುವೆ ಗಸೆಟ್ ಎಂಬ ತಗಡು ಇಟ್ಟು, ರಿವೀಟು ಎಂಬ ಕಾಯಿಸಿದ ಮೊಳೆ ಹೊಡೆದು ಮಾಡುವುದು. ಚಿನ್ನಸ್ವಾಮಿಯವರ ನಕ್ಷೆಯಲ್ಲಿ ಯಾವ ತುಂಡು ಎಷ್ಟು ದಪ್ಪ, ಎಲ್ಲಿ ಎಷ್ಟು ರಿವೀಟು ಎಂದಷ್ಟೇ ಇತ್ತು. ಪ್ರತಿಯೊಂದು ತುಂಡನ್ನು ಎಷ್ಟು ಉದ್ದ ಕತ್ತರಿಸಬೇಕು, ಎಲ್ಲೆಲ್ಲಿ ತೂತು ಹೊಡೆಯಬೇಕು ಎಂಬ ವಿವರದ ನಕ್ಷೆಯನ್ನು ಬೆಂಗಳೂರಿನ ಕಬ್ಬಿಣದ ಕಾರ್ಖಾನೆಯವರು ತಯಾರಿಸಿ, ಕಬ್ಬಿಣ ಮುಟ್ಟುವ ಮೊದಲು ಈ ಕಚೇರಿಯ ಒಪ್ಪಿಗೆಗೆ ಕಳಿಸಬೇಕು. ಅದಕ್ಕೆ ಷಾಪ್ ಡ್ರಾಯಿಂಗ್ ಅನ್ನುತ್ತಿದ್ದರು.

ನವೆಂಬರಿನ ಒಂದು ಸೋಮವಾರ ಕಾರ್ಖಾನೆಯ ಮೇಸ್ತ್ರಿ ಜವರಪ್ಪ ಆ ನಕ್ಷೆಗಳ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ರೈಲಿನಿಂದ ಇಳಿದು ಬಂದರು. ಐವತ್ತೈದು ದಾಟಿದ ಮನುಷ್ಯ. ಕುಲುಮೆಯ ಕಿಡಿ ತಾಗಿ ಮುಂಗೈ ತುಂಬ ಚುಕ್ಕೆಚುಕ್ಕೆ ಕಲೆ.

"ಐದು ಹಾಳೆ, ಒಂದೊಂದೂ ಮೂರು ಪ್ರತಿ. ಎಣಿಸ್ಕೊಳ್ಳಿ ಸ್ವಾಮಿ," ಅಂದರು. "ಬೇಗ ಒಪ್ಪಿಗೆ ಹಾಕ್ಕೊಡಿ. ಸಂಘದೋರು ನಮ್ಮ ಯಜಮಾನ್ರ ತಲೆ ತಿಂತಾವ್ರೆ."

"ಬೇಗ ನೋಡ್ತೀನಿ. ಒಪ್ಪಿಗೆ ನಕ್ಷೆ ಕೈಲಿದೆ, ನನ್ನ ಕೈಲಿಲ್ಲ," ಎಂದು ಆದಿನಾರಾಯಣಪ್ಪ ನಕ್ಕು, ಬಂದ ದಿನಾಂಕವನ್ನೂ ಹಾಳೆಗಳ ನಂಬರನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡರು.

ಅವರು ನಕ್ಷೆ ನೋಡುವ ಕ್ರಮ ಹೀಗೆ: ನೀಲಿ ಪ್ರತಿಯನ್ನು ಹಲಗೆಗೆ ಬಿಗಿದು, ಪಕ್ಕದಲ್ಲಿ ಚಿನ್ನಸ್ವಾಮಿಯವರ ಮೂಲ ನಕ್ಷೆ ಇಟ್ಟುಕೊಂಡು, ಒಂದೊಂದು ಅಳತೆಯನ್ನೂ ಕೂಡಿ ಕಳೆದು ನೋಡುವರು. ಸರಿ ಇದ್ದ ಅಂಕಿಯ ಮೇಲೆ ಹಳದಿ ಪೆನ್ಸಿಲ್ ಎಳೆಯುವರು. ತಪ್ಪಿದ್ದರೆ ಕೆಂಪು. ಹಾಳೆಯಲ್ಲಿ ಹಳದಿಯೂ ಕೆಂಪೂ ಇಲ್ಲದ ಅಂಕಿ ಉಳಿಯುವ ಹಾಗಿಲ್ಲ. ಕೊನೆಗೆ ಮೂಲೆಯಲ್ಲಿ ಮೂರರಲ್ಲಿ ಒಂದು ಮೊಹರು: ಒಪ್ಪಿದೆ, ಬರೆದಂತೆ ತಿದ್ದಿಕೊಂಡರೆ ಒಪ್ಪಿದೆ, ತಿರಸ್ಕರಿಸಿದೆ. ಮೊಹರುಗಳೆಲ್ಲ ಇಂಗ್ಲಿಷಿನವು. ಕೆಳಗೆ ಚಿನ್ನಸ್ವಾಮಿಯವರ ಸಹಿ. ತಿರಸ್ಕರಿಸಿದ ಹಾಳೆಗೆ ಬೇರೆ ಕಚೇರಿಗಳಲ್ಲಿ ಮೊಹರು ಕುಟ್ಟಿ ಹಾಗೇ ಕಳಿಸಿಬಿಡುತ್ತಿದ್ದರು. ಆದಿನಾರಾಯಣಪ್ಪ ಮಾತ್ರ ಕಾರಣಗಳನ್ನು ಒಂದು, ಎರಡು ಎಂದು ಬರೆಯುವರು. ಇಂಗ್ಲಿಷಿನಲ್ಲಿ ಬರೆದ ಮೇಲೆ ಮೇಸ್ತ್ರಿಗಳಿಗೆಂದು ಕನ್ನಡದಲ್ಲೂ ಒಂದು ಚೀಟಿ ಬರೆದು ಗುಂಡುಸೂಜಿ ಚುಚ್ಚುವರು. ಹಾಗೆ ಮಾಡಲು ಯಾರೂ ಅವರಿಗೆ ಹೇಳಿರಲಿಲ್ಲ.

ಮೊದಲನೇ ಹಾಳೆ ಇಡೀ ಷೆಡ್ಡಿನ ವಿನ್ಯಾಸ. ಒಪ್ಪಿದೆ. ಎರಡನೇ ಹಾಳೆ ಟ್ರಸ್ಸಿನ ಪಾದಗಳದ್ದು: ಗೋಡೆಯ ತಲೆಯ ಮೇಲೆ ಕಾಂಕ್ರೀಟಿನಲ್ಲಿ ಮೊದಲೇ ನಿಲ್ಲಿಸಿದ್ದ ಬೋಲ್ಟುಗಳ ಮೇಲೆ ಕೂರುವ ಪಾದದ ತಗಡುಗಳು, ಅವುಗಳ ತೂತುಗಳು. ಎದುರುಬದುರು ಬೋಲ್ಟುಗಳ ನಡುವೆ ನಲವತ್ತಡಿ. ಅಂಕಿಗಳು ಸರಿಯಿದ್ದವು. ಆದರೆ ಎರಡು ತುದಿಗೂ ದುಂಡು ತೂತು ತೋರಿಸಿದ್ದರು. "ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ, ಪೂರ್ವದ ತುದಿಯ ತೂತು ಒಂದೂವರೆ ಅಂಗುಲ ಉದ್ದವಾಗಿರಲಿ" ಎಂದು ಕೆಂಪಿನಲ್ಲಿ ಬರೆದು, ತಿದ್ದಿಕೊಂಡರೆ ಒಪ್ಪಿದೆ ಎಂಬ ಮೊಹರು ಹಾಕಿದರು. ನಾಲ್ಕು, ಐದನೇ ಹಾಳೆಗಳು ಟ್ರಸ್ಸಿನಿಂದ ಟ್ರಸ್ಸಿಗೆ ಹಾಯುವ ಅಡ್ಡಪಟ್ಟಿಗಳವು, ಎರಡೂ ಒಪ್ಪಿಗೆ.

ಮೂರನೇ ಹಾಳೆ ಟ್ರಸ್ಸಿನದು. ಅದರ ಮುಂದೆ ಅವರು ಒಂದೂವರೆ ದಿನ ನಿಂತರು.

ಆ ಕಾಲದ ಮೇಸ್ತ್ರಿಗಳ ಲೆಕ್ಕದಲ್ಲಿ ಅಂಗುಲಕ್ಕೆ ಎಂಟು ನೂಲು. ಮಾಡಿನ ಇಳಿಜಾರಿನ ಆ್ಯಂಗಲ್ ಎರಡೂವರೆ ಅಂಗುಲ, ಅಂದರೆ ಇಪ್ಪತ್ತು ನೂಲಿನ ಅಗಲ. ರಿವೀಟಿನ ಸಾಲು ಮೂಲೆಯಿಂದ ಹನ್ನೊಂದು ನೂಲಿಗೆ ಬಂದರೆ ಆಚೆಯ ಅಂಚಿಗೆ ಒಂಬತ್ತು ಉಳಿಯುತ್ತದೆ. ಐದು ನೂಲಿನ ರಿವೀಟಿಗೆ ಅಷ್ಟಾದರೂ ಅಂಚು ಬೇಕು. ಇಲ್ಲದಿದ್ದರೆ ಭಾರ ಬಿದ್ದಾಗ ತೂತು ಅಂಚಿನ ಕಡೆ ಹರಿಯುತ್ತದೆ. ನಕ್ಷೆಯಲ್ಲಿ ಸಾಲು ಹದಿನಾಲ್ಕು ನೂಲಿಗಿತ್ತು. ಉಳಿದ ಅಂಚು ಆರೇ ನೂಲು. ಅದಲ್ಲದೆ, ಗೋಡೆಯ ಮೇಲಿನ ಕೂಡುವಿಕೆಯಲ್ಲಿ ಐದು ರಿವೀಟು ಇರಬೇಕಾದಲ್ಲಿ ನಾಲ್ಕೇ ಇದ್ದವು.

ತಿರಸ್ಕರಿಸಿದೆ. ಕಾರಣ ಒಂದು, ಅಂಚು ಸಾಲದು. ಕಾರಣ ಎರಡು, ರಿವೀಟು ಒಂದು ಕಡಿಮೆ. ಹೊಸದಾಗಿ ಬರೆದು ಕಳಿಸಿ. ಚಿನ್ನಸ್ವಾಮಿಯವರು ಎಲ್ಲ ಹಾಳೆಗಳನ್ನೂ ಓದಿ ಸಹಿ ಹಾಕಿದರು. ಗುರುವಾರ ಅವು ಬೆಂಗಳೂರಿಗೆ ಹೋದವು.

ಮುಂದಿನ ಬುಧವಾರವೇ ಜವರಪ್ಪ ಮತ್ತೆ ಬಂದರು. ಈ ಸಲ ಮೆಟ್ಟಿಲ ಮೇಲಿನ ಸದ್ದೇ ಬೇರೆಯಾಗಿತ್ತು.

"ಏನ್ ಸ್ವಾಮಿ ಇದು? ಮೂವತ್ತು ವರ್ಷದಿಂದ ರಿವೀಟು ಹೊಡೀತಾ ಇವ್ನಿ. ನನ್ನ ಕೆಲಸದಾಗೆ ಅಂಚು ಹರಿದಿದ್ದು ಇಲ್ಲೀಗಂಟ ಇಲ್ಲ!"

"ಕೂತ್ಕೊಳ್ಳಿ ಜವರಪ್ಪನೋರೆ. ನಿಮ್ಮ ಕೆಲಸದ ಮಾತಲ್ಲ ಇದು, ನಕ್ಷೆ ಮಾತು. ನೋಡಿ, ಇಪ್ಪತ್ತು ನೂಲಿನ ಆ್ಯಂಗಲ್‌ಗೆ ಹದಿನಾಲ್ಕರಲ್ಲಿ ತೂತು ಹಾಕವ್ರೆ."

ಜವರಪ್ಪ ಹಾಳೆಯ ಮೇಲೆ ಬಗ್ಗಿ, ಬೆರಳಿಟ್ಟು ನೋಡಿದರು. ಆಮೇಲೆ, "ಇಪ್ಪತ್ತು ಯಾಕೆ? ನಮ್ಮ ಗೋಡೌನಲ್ಲಿ ಇರೋದು ಇಪ್ಪತ್ನಾಕು ನೂಲಿಂದು. ಮೂರಂಗುಲದ ಆ್ಯಂಗಲ್ಲು. ಪರ್ಮಿಟ್ಟಿಗೆ ಸಿಕ್ಕಿದ್ದೇ ಅದು," ಅಂದರು.

ಈಗ ಆದಿನಾರಾಯಣಪ್ಪ ಹಾಳೆಯ ಮೇಲೆ ಬಗ್ಗಿದರು. ಯುದ್ಧ ಮುಗಿದು ಮೂರು ವರ್ಷವಾಗಿದ್ದರೂ ಕಬ್ಬಿಣಕ್ಕೆ ಸರ್ಕಾರದ ಪರ್ಮಿಟ್ಟು ತಪ್ಪಿರಲಿಲ್ಲ. ಕೇಳಿದ ಅಳತೆ ಸಿಗುತ್ತಿರಲಿಲ್ಲ. ಕಾರ್ಖಾನೆಯ ನಕ್ಷೆಗಾರ ತೂತಿನ ಸಾಲನ್ನು ಮೂರಂಗುಲದ ಆ್ಯಂಗಲ್‌ಗೆ ಸರಿಯಾಗಿ ಎಳೆದು, ಅದರ ಅಳತೆಯ ಹೆಸರನ್ನು ಮಾತ್ರ ಚಿನ್ನಸ್ವಾಮಿಯವರ ನಕ್ಷೆಯಿಂದ ಎರಡೂವರೆ ಎಂದು ನಕಲು ಮಾಡಿದ್ದ.

"ಮೂರಂಗುಲಕ್ಕೆ ಹದಿನಾಲ್ಕು ಸರೀನೇ. ಹತ್ತು ನೂಲು ಅಂಚು ಉಳಿಯುತ್ತೆ," ಎಂದು ಅವರು ಒಪ್ಪಿಕೊಂಡರು. "ಆದ್ರೆ ನಕ್ಷೇಲಿ ಎರಡೂವರೆ ಅಂತ ಬರೆದಿದ್ರೆ ನಾನು ಎರಡೂವರೆಗೇ ನೋಡ್ಬೇಕು. ಅಳತೆ ಬದಲಾಯಿಸೋದಿದ್ರೆ ಮೊದಲು ನಮ್ಮನ್ನ ಕೇಳಿ ಬರೀಬೇಕು."

"ಆ್ಯಂಗಲ್ ದೊಡ್ಡದಾತು. ಇನ್ನು ನಾಕು ರಿವೀಟು ಸಾಕಲ್ವಾ?"

"ಸಾಲ್ದು. ಬೀಳೋ ಬಲ ಅಷ್ಟೇ ಐತೆ, ನಡುವಿನ ಗಸೆಟ್ ತಗಡೂ ಅಷ್ಟೇ ದಪ್ಪ. ರಿವೀಟು ಒತ್ತೋದು ಆ ತಗಡನ್ನ. ಆ್ಯಂಗಲ್ ಎಷ್ಟು ಅಗಲ ಆದ್ರೂ ಆ ತಗಡು ಗಟ್ಟಿಯಾಗಲ್ಲ."

ಜವರಪ್ಪ ತಲೆದೂಗಿದರು, ಆದರೆ ಮುಖದ ಬಿಗಿ ಸಡಿಲಲಿಲ್ಲ. ಸುರುಳಿ ಕಟ್ಟುತ್ತಾ ಕೇಳಿದರು: "ಕಾಗದದ ಮೇಲೆ ಒಂದು ನೂಲೂ ಬಿಡಕಿಲ್ಲ ನೀವು. ಒಳ್ಳೇದೇ. ಗೋಡೆ ಮೇಲೂ ಹಿಂಗೇ ಅಳ್ದಿದ್ದೀರಾ?"

"ಅಳೆದಿದ್ದೀವಿ," ಅಂದರು ಆದಿನಾರಾಯಣಪ್ಪ.

ಆದರೆ ಅದು ಪೂರ್ತಿ ನಿಜವಾಗಿರಲಿಲ್ಲ.

ಎರಡು ತಿಂಗಳ ಹಿಂದೆ ಗೋಡೆಯ ಬೋಲ್ಟು ನಿಲ್ಲಿಸಿದ ವಾರ ಚಿನ್ನಸ್ವಾಮಿಯವರು ಜ್ವರದಲ್ಲಿ ಮಲಗಿದ್ದರು. ಅಳತೆ ನೋಡುವ ಕೆಲಸ ಆದಿನಾರಾಯಣಪ್ಪನವರಿಗೆ ಬಂದಿತ್ತು. ಅದೇ ವಾರ ಹೊಸಕೋಟೆಯಲ್ಲಿ ಅವರ ಮಗಳು ಅನುಸೂಯಮ್ಮನ ಮದುವೆ. ಮೊದಲ ಎರಡು ಜೊತೆ ಬೋಲ್ಟುಗಳನ್ನು ಅವರು ಉಕ್ಕಿನ ಟೇಪಿನಲ್ಲಿ ಅಳೆದಿದ್ದರು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಉಳಿದ ಮೂರನ್ನು ಗಾರೆ ಕೆಲಸದವರು ಮರುದಿನ ನಿಲ್ಲಿಸಿದರು. ಮದುವೆ ಮುಗಿಸಿ ಬಂದಾಗ ಕಾಂಕ್ರೀಟು ಗಟ್ಟಿಯಾಗಿತ್ತು, ಕೇಳಿದ್ದಕ್ಕೆ ಎಲ್ಲ ನಲವತ್ತಡಿಯೇ ಅಂದರು. ಆದಿನಾರಾಯಣಪ್ಪ ಮತ್ತೆ ಅಳೆಯದೆ ಐದಕ್ಕೂ "ಅಳತೆ ನೋಡಿದೆ" ಎಂದು ಬರೆದು ಸಣ್ಣ ಸಹಿ ಹಾಕಿದ್ದರು.

ಜವರಪ್ಪನವರನ್ನು ಮೆಟ್ಟಿಲವರೆಗೆ ಕಳಿಸಿ, ಆದಿನಾರಾಯಣಪ್ಪ ಉಕ್ಕಿನ ಟೇಪನ್ನು ಜೇಬಿಗೆ ಹಾಕಿಕೊಂಡು ನೇರ ಷೆಡ್ಡಿನ ಕಡೆಗೆ ನಡೆದರು. ಸಂಜೆ ನಾಲ್ಕರ ಬಿಸಿಲು. ಸಂಘದ ಕಾವಲುಗಾರ ಲಕ್ಷ್ಮಯ್ಯ ಏಣಿ ಹಿಡಿದುಕೊಂಡ. ಟೇಪಿನ ತುದಿಯ ಉಂಗುರವನ್ನು ಒಂದು ಬೋಲ್ಟಿಗೆ ಸಿಕ್ಕಿಸಿ, ಜೋಲದಂತೆ ಅಲ್ಲಲ್ಲಿ ಸಾರವೆ ಮರದ ಮೇಲೆ ಆನಿಸಿ, ಎದುರು ಗೋಡೆಗೆ ಏರಿ ಓದಿದರು. ಒಂದನೇ ಜೊತೆ ಸರಿ. ಎರಡನೆಯದೂ ಸರಿ. ಮೂರನೆಯದು ನಲವತ್ತಡಿ ಒಂದೂಕಾಲು ಅಂಗುಲ.

ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಅಷ್ಟೇ. ನಾಲ್ಕನೆಯದು ಅಷ್ಟೇ, ಐದನೆಯದೂ ಅಷ್ಟೇ.

"ಲಕ್ಷ್ಮಯ್ಯ, ಆವತ್ತು ಯಾವ ಟೇಪಲ್ಲಿ ಅಳೆದ್ರಪ್ಪ ಇದನ್ನ?"

"ಬಟ್ಟೆ ಟೇಪಲ್ವಾ ಸ್ವಾಮಿ, ಆ ಚರ್ಮದ ಡಬ್ಬೀದು. ಅದೇ ತಾನೆ ಗಾರೆಯೋರತ್ರ ಇದ್ದದ್ದು."

ಬಟ್ಟೆಯ ಟೇಪು ಎಳೆದೆಳೆದು ಹಿಗ್ಗಿತ್ತು. ಅದು ನಲವತ್ತು ತೋರಿಸಿದಾಗ ನಿಜವಾಗಿ ನಲವತ್ತಡಿ ಹತ್ತು ನೂಲು ಆಗಿತ್ತು. ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ದಾರ ಜಗ್ಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದಿನಾರಾಯಣಪ್ಪ ಗೋಡೆಯ ಮೇಲೆಯೇ ಸ್ವಲ್ಪ ಹೊತ್ತು ಕೂತುಬಿಟ್ಟರು.

ಕೂತಲ್ಲೇ ಇನ್ನೊಂದು ವಿಷಯ ಹೊಳೆಯಿತು. ಎರಡನೇ ಹಾಳೆ, ಪಾದದ ತಗಡುಗಳದ್ದು, ಒಪ್ಪಿಗೆಯಾಗಿ ಹೋಗಿ ಆರು ದಿನ ಆಗಿತ್ತು. ಕಾರ್ಖಾನೆಯವರು ತೂತು ಹೊಡೆಯಲು ಶುರು ಮಾಡಿರಬಹುದು. ಉದ್ದ ತೂತಿನಲ್ಲಿ ಬೋಲ್ಟು ಆ ಕಡೆ ಈ ಕಡೆ ಮೂರು ಮೂರು ನೂಲು ಜರುಗಬಹುದು, ಅಷ್ಟೇ. ಹತ್ತು ನೂಲಿನ ವ್ಯತ್ಯಾಸ ಅದರಲ್ಲಿ ಅಡಗುವುದಿಲ್ಲ. ಟ್ರಸ್ಸು ಮೇಲೇರಿದ ದಿನ ಬೋಲ್ಟಿನ ಮೇಲೆ ಕೂರದೆ ಎಲ್ಲರ ಮುಂದೆ ತೂಗಾಡುತ್ತದೆ.

ಮನೆಗೆ ಹೋದಾಗ ಹೆಂಡತಿ ವರಲಕ್ಷ್ಮಮ್ಮ ಜಗಲಿಯಲ್ಲಿ ರಾಟೆ ಮುಂದಿಟ್ಟುಕೊಂಡು ಲಾಳಿಯ ಕಂಡಿಕೆಗೆ ದಾರ ಸುತ್ತುತ್ತಿದ್ದರು. ಗಂಡನ ಮುಖ ನೋಡಿ ರಾಟೆ ನಿಲ್ಲಿಸಿದರು.

"ಯಾಕ್ರೀ, ಏನಾಯ್ತು?"

ಆದಿನಾರಾಯಣಪ್ಪ ಎಲ್ಲ ಹೇಳಿದರು. "ನೋಡದೇ ನೋಡಿದೆ ಅಂತ ಸಹಿ ಹಾಕ್ಬಿಟ್ಟಿದ್ದೀನಿ ಕಣೆ. ಊರೋರ ನಕ್ಷೆಗೆಲ್ಲ ಕೆಂಪು ಗೀಟು ಎಳೆಯೋನು."

"ಕಬ್ಬಿಣ ಇನ್ನೂ ಮೇಲಕ್ಕೆ ಹೋಗಿಲ್ವಲ್ಲ?"

"ಇಲ್ಲ."

"ಮತ್ತೆ? ಈಗ ಗೊತ್ತಾಗಿದ್ದು ಒಳ್ಳೇದೇ ಆಯ್ತು. ಹೋಗಿ ಇಂಜಿನಿಯರ್ರಿಗೆ ಹೇಳ್ಬನ್ನಿ. ಬಂದು ಊಟ ಮಾಡೋರಂತೆ. ಸೊಪ್ಪಿನ ಸಾರು ಮಾಡಿದ್ದೀನಿ."

ಚಿನ್ನಸ್ವಾಮಿಯವರ ಮನೆ ಎರಡು ಬೀದಿ ಆಚೆ. ಅವರು ಹಜಾರದ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದರು. ಆದಿನಾರಾಯಣಪ್ಪ ನಿಂತುಕೊಂಡೇ ಹೇಳಿದರು, ಮದುವೆಯ ನೆಪವನ್ನು ಕೊನೆಗೂ ಎತ್ತಲಿಲ್ಲ. ಚಿನ್ನಸ್ವಾಮಿಯವರು ಪತ್ರಿಕೆ ಮಡಿಸಿಟ್ಟರು.

"ತಪ್ಪಿದ್ದು ಟೇಪು. ಸಹಿ ಹಾಕಿದ್ದು ನೀವು. ಟೇಪನ್ನ ನಾಳೆ ಬಿಸಾಕಿ. ನೋಡದೆ ಸಹಿ ಹಾಕೋದನ್ನ ನೀವು ಮತ್ತೆ ಮಾಡಲ್ಲ ಅಂತ ನನಗೆ ಗೊತ್ತು." ಆಮೇಲೆ ಕೇಳಿದರು, "ಈಗೇನು ಮಾಡ್ತೀರಿ? ಕಾಂಕ್ರೀಟು ಒಡೆಯೋಣವೇ?"

"ಬೇಡ ಸಾರ್. ಒಡೆದ್ರೆ ಗೋಡೆ ತಲೆ ಬಿರುಕು ಬಿಡುತ್ತೆ. ಮೂರು ಟ್ರಸ್ಸಿಗೆ ಬೇರೆ ಪಾದ ಮಾಡ್ಸೋಣ. ಒಂದೇ ತುದೀಲಿ ಹತ್ತು ನೂಲು ಜರುಗಿಸೋ ಬದಲು, ಎರಡು ತುದಿಗೂ ಐದೈದು ನೂಲು ಹೊರಗಡೆಗೆ. ಅಂಚು ಕಡಿಮೆಯಾಗದ ಹಾಗೆ ತಗಡನ್ನ ಒಂದಂಗುಲ ಉದ್ದ ಮಾಡೋಣ."

ಚಿನ್ನಸ್ವಾಮಿಯವರು ಪತ್ರಿಕೆಯ ಅಂಚಿನಲ್ಲೇ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು. ಐದು ನೂಲು ಜರುಗಿದರೆ ಗೋಡೆಯ ಮೇಲೂ ಕೂಡುವಿಕೆಯ ಮೇಲೂ ಬೀಳುವ ಹೆಚ್ಚಿನ ಭಾರ ಎಷ್ಟು ಎಂದು ನೋಡಿ, "ತಡೆಯುತ್ತೆ," ಅಂದರು. "ಹಾಗೇ ಮಾಡಿ. ಎರಡನೇ ಹಾಳೆಯ ಒಪ್ಪಿಗೆ ವಾಪಸ್ಸು ತಗೊಳ್ಳಿ. ಕಾರಣ ಏನು ಬರೀತೀರಿ?"

"ಜಾಗದ ಅಳತೆ ಬದಲಾದ ಕಾರಣ" ಎಂದು ಬರೆಯಬಹುದಾಗಿತ್ತು. ಸುಳ್ಳೂ ಅಲ್ಲ, ಎಲ್ಲರೂ ಬರೆಯುವುದೇ ಅದು. ಕಾರ್ಖಾನೆಯವರು ಹೆಚ್ಚಿಗೆ ಕೇಳುತ್ತಲೂ ಇರಲಿಲ್ಲ.

"ಕಾರಣ ನೀವೇ ಬರೀರಿ. ನಾನು ಸಹಿ ಹಾಕ್ತೀನಿ," ಅಂದರು ಚಿನ್ನಸ್ವಾಮಿ.

ಊಟವಾದ ಮೇಲೆ ಆದಿನಾರಾಯಣಪ್ಪ ಕಚೇರಿಗೆ ಹೋಗಿ ಅಲ್ಲಿಟ್ಟಿದ್ದ ಎರಡನೇ ಹಾಳೆಯ ಪ್ರತಿಯನ್ನು ಬಿಡಿಸಿಕೊಂಡು ಕೂತರು. ತಾವೇ ಹಾಕಿದ್ದ ಮೊಹರಿನ ಮೇಲೆ ಅಡ್ಡಗೀಟು ಎಳೆದು, ದಿನಾಂಕ ಹಾಕಿ, ಪಕ್ಕದಲ್ಲಿ ತಿರಸ್ಕರಿಸಿದೆ ಎಂಬ ಮೊಹರು ಒತ್ತಿದರು. ಕೆಳಗೆ ಬರೆದರು: "ಕಾರಣ: ಮೂರು, ನಾಲ್ಕು, ಐದನೇ ಟ್ರಸ್ಸುಗಳ ಬೋಲ್ಟುಗಳ ನಡುವಿನ ದೂರ ನಲವತ್ತಡಿ ಒಂದೂಕಾಲು ಅಂಗುಲ. ಇದು ನಮ್ಮ ಕಚೇರಿ ಸರಿಯಾಗಿ ಅಳೆಯದ್ದರಿಂದ ಆದದ್ದು. ಕಾರ್ಖಾನೆಯ ನಕ್ಷೆಯಲ್ಲಿ ತಪ್ಪಿಲ್ಲ." ಅದರ ಕನ್ನಡ ಚೀಟಿಯನ್ನೂ ಬರೆದರು. ಬರೆದು ಮುಗಿಸಿ ಮನೆಗೆ ಬಂದು ಮಲಗಿದವರು ಬೆಳಿಗ್ಗೆ ವರಲಕ್ಷ್ಮಮ್ಮ ಎಬ್ಬಿಸುವವರೆಗೆ ನಿದ್ದೆ ಮಾಡಿದರು.

ಬೆಳಗಿನ ಪ್ಯಾಸೆಂಜರ್ ರೈಲಿಗೆ ಮೊದಲು ಚಿನ್ನಸ್ವಾಮಿಯವರ ಸಹಿ ಹಾಕಿಸಿಕೊಂಡು ಬೆಂಗಳೂರಿಗೆ ಹೊರಟರು. ಕಾರ್ಖಾನೆಯ ಬಾಗಿಲಲ್ಲೇ ತೂತು ಹೊಡೆಯುವ ಯಂತ್ರದ ಸದ್ದು ಕೇಳಿಸಿತು. ಒಳಗೆ ಜವರಪ್ಪ ಪಾದದ ತಗಡುಗಳನ್ನು ಸಾಲಾಗಿ ಜೋಡಿಸಿಕೊಂಡು ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತಿದ್ದರು.

"ಜವರಪ್ಪನೋರೆ, ನಿಲ್ಲಿಸಿ! ಎಷ್ಟಾಯ್ತು?"

"ಆರಾತು ಸ್ವಾಮಿ, ಹತ್ತರಲ್ಲಿ. ಯಾಕೆ, ಉದ್ದ ತೂತು ನೀವು ಬರೆದಂಗೇ ಹಾಕಿವ್ನಿ, ನೋಡಿ ಬೇಕಾದ್ರೆ."

ಆದಿನಾರಾಯಣಪ್ಪ ಹಾಳೆಯನ್ನೂ ಚೀಟಿಯನ್ನೂ ಕೈಗೆ ಕೊಟ್ಟರು. ಜವರಪ್ಪ ಚೀಟಿಯನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತಾ ಓದಿದರು. ಒಂದು ಸಲ ಓದಿ, ಮತ್ತೊಂದು ಸಲ ಓದಿದರು. ನಿನ್ನೆ ಕೇಳಿದ ಚುಚ್ಚುಮಾತು ಅವರಿಗೂ ನೆನಪಾಗಿರಬೇಕು. ಆದರೆ ಅದನ್ನು ಎತ್ತಲಿಲ್ಲ.

"ಇಂಥ ಮಾತು ಬರೆದಿರೋ ನಕ್ಷೆ ನಾ ಕಂಡಿಲ್ಲ," ಅಂದರು ನಿಧಾನವಾಗಿ. "ಯಾವಾಗ್ಲೂ ತಪ್ಪು ನಮ್ದೇ ಅಂತ ಬರೆದಿರ್ತಾರೆ." ಆಮೇಲೆ ಯಂತ್ರದವನಿಗೆ ಕೂಗಿದರು, "ಲೇ, ನಿಲ್ಲಿಸ್ಲಾ ಅದನ್ನ!"

ಮೊದಲ ಎರಡು ಟ್ರಸ್ಸಿಗೆ ನಾಲ್ಕು ತಗಡು ಸಾಕು. ಎರಡು ವ್ಯರ್ಥವಾದವು.

"ಹಳೇ ತೂತು ತುಂಬಿ ಪಕ್ಕದಲ್ಲೇ ಹೊಡೆಯಣ್ವಾ?" ಎಂದು ಯಂತ್ರದವನು ಕೇಳಿದ.

ಜವರಪ್ಪ ಆದಿನಾರಾಯಣಪ್ಪನವರ ಕಡೆ ನೋಡಿದರು. ಇಬ್ಬರೂ ಒಟ್ಟಿಗೇ ತಲೆ ಅಲ್ಲಾಡಿಸಿದರು. ಐದು ನೂಲಿನ ಅಂತರದಲ್ಲಿ ಎರಡು ತೂತು ಬಂದರೆ ಒಂದಕ್ಕೊಂದು ಸೇರಿಹೋಗುತ್ತವೆ. ಆ ಎರಡು ತಗಡುಗಳನ್ನು ತುಂಡು ಮಾಡಿ ಅಡ್ಡಪಟ್ಟಿಗಳ ಸಣ್ಣ ಹಿಡಿಕೆಗಳಿಗೆ ಬಳಸುವುದೆಂದು ಅಲ್ಲೇ ಮಾತಾಯಿತು. ಜವರಪ್ಪ ತಮ್ಮ ಬುತ್ತಿಯ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಅರ್ಧ ಮುರಿದು ಕೊಟ್ಟರು. ಕಬ್ಬಿಣದ ತೊಲೆಯ ಮೇಲೆ ಕೂತು ಇಬ್ಬರೂ ತಿಂದರು.

"ಹೆಸರು ನಕಲು ಮಾಡ್ದೋನನ್ನ ನಾನೂ ಬೈದೆ," ಅಂದರು ಜವರಪ್ಪ. "ಐದನೇ ರಿವೀಟೂ ನಕ್ಷೇಲಿ ಹಾಕ್ಸಿವ್ನಿ. ನೀವಂದಿದ್ದು ಸರಿ, ತಗಡು ಅಷ್ಟೇ ದಪ್ಪ. ರಾತ್ರಿಯೆಲ್ಲ ಅದೇ ಯೋಚನೆ ಮಾಡ್ದೆ."

ಹತ್ತು ದಿನಕ್ಕೆ ಎರಡನೇ ಮತ್ತು ಮೂರನೇ ಹಾಳೆಗಳು ಹೊಸದಾಗಿ ಬಂದವು; ಮೂಲೆಯಲ್ಲಿ ತಿದ್ದಿದ ನಕ್ಷೆ ಎಂಬ ಗುರುತು, ಏನು ಬದಲಾಯಿತು ಎಂಬ ಪಟ್ಟಿ. ಮೂರನೆಯದರಲ್ಲಿ ಆ್ಯಂಗಲ್ ಮೂರಂಗುಲ ಎಂದೇ ಬರೆದಿತ್ತು. ಆದಿನಾರಾಯಣಪ್ಪ ಮೊದಲಿನಿಂದ ನೋಡಿದರು. ಹಿಂದೆ ಹಳದಿ ಹಚ್ಚಿದ್ದ ಅಂಕಿಗಳನ್ನೂ ಬಿಡಲಿಲ್ಲ, ಆ್ಯಂಗಲ್ ದೊಡ್ಡದಾದ್ದರಿಂದ ಗಸೆಟ್ಟುಗಳ ಆಕಾರವೂ ಬದಲಾಗಿತ್ತು. ಒಂದು ಗಸೆಟ್ಟಿನ ಮೂಲೆ ಅಡ್ಡಪಟ್ಟಿಯ ಹಿಡಿಕೆಗೆ ತಾಗುತ್ತಿತ್ತು. "ಈ ಮೂಲೆಯನ್ನು ಅರ್ಧ ಅಂಗುಲ ಕತ್ತರಿಸಿ" ಎಂದು ಬರೆದು, ತಿದ್ದಿಕೊಂಡರೆ ಒಪ್ಪಿದೆ. ಎರಡನೆಯದರಲ್ಲಿ ಎರಡು ಬಗೆಯ ಪಾದಗಳಿಗೆ ಬೇರೆ ಬೇರೆ ಗುರುತು ಕೊಟ್ಟಿದ್ದರು, ಯಾವುದು ಯಾವ ಟ್ರಸ್ಸಿಗೆ ಎಂದು ತಪ್ಪುವಂತಿರಲಿಲ್ಲ. ಅದಕ್ಕೆ ಕೆಂಪು ಗೀಟೇ ಬೀಳಲಿಲ್ಲ. ಅವರು ಆ ಹಾಳೆಯನ್ನು ಚಿನ್ನಸ್ವಾಮಿಯವರ ಮೇಜಿನ ಮೇಲಿಡುವಾಗ ಮುಖದಲ್ಲಿ ಹಬ್ಬದ ಕಳೆ ಇತ್ತು.

ಫೆಬ್ರವರಿಯ ಮೊದಲ ವಾರ ಲಾರಿಯಲ್ಲಿ ಟ್ರಸ್ಸುಗಳು ಬಂದವು. ಅರ್ಧರ್ಧವಾಗಿ ತಂದು, ನೆಲದ ಮೇಲೆ ಕೂಡಿಸಿ ರಿವೀಟು ಹೊಡೆದು, ಎತ್ತುಗಂಬ ನಿಲ್ಲಿಸಿ, ಸರಪಳಿ ರಾಟೆಯಲ್ಲಿ ಎತ್ತಿದರು. ನೇಕಾರರು ಆ ಬೆಳಿಗ್ಗೆ ಮಗ್ಗ ನಿಲ್ಲಿಸಿ ನೋಡಲು ಬಂದಿದ್ದರು. ಮೊದಲ ದಿನ ಎರಡು ಟ್ರಸ್ಸು ಕೂತವು. ಎರಡನೇ ದಿನ ಮೂರನೆಯದನ್ನು ಎತ್ತುವಾಗ ಆದಿನಾರಾಯಣಪ್ಪ ಗೋಡೆಯ ಮೇಲೆಯೇ ಇದ್ದರು; ಬೇಡವೆಂದರೂ ಏರಿದ್ದರು. ಎದುರು ಗೋಡೆಯ ಮೇಲೆ ಜವರಪ್ಪ.

"ಇಳ್ಸಿ, ಇಳ್ಸಿ... ಮೆಲ್ಲಗೆ! ಪೂರ್ವಕ್ಕೆ ಒಂಚೂರು!"

ಪಶ್ಚಿಮದ ತುದಿ ಮೊದಲು ಬೋಲ್ಟಿನ ಮೇಲೆ ಇಳಿಯಿತು. ಆದಿನಾರಾಯಣಪ್ಪ ತಮ್ಮ ಕಡೆಯ ಉದ್ದ ತೂತನ್ನು ನೋಡುತ್ತಿದ್ದರು. ಬೋಲ್ಟಿನ ತಲೆ ತೂತಿನೊಳಗೆ ಕಾಣಿಸಿಕೊಂಡು, ತಗಡು ಕಾಂಕ್ರೀಟಿನ ಮೇಲೆ ಧಪ್ಪನೆ ಕೂತಿತು. ಬೋಲ್ಟು ತೂತಿನ ನಟ್ಟನಡುವೆ ನಿಂತಿತ್ತು, ಆಚೆ ಮೂರು ನೂಲು, ಈಚೆ ಮೂರು ನೂಲು. ಅವರು ಜೇಬಿನಿಂದ ಟೇಪು ತೆಗೆದು ಅದನ್ನೂ ಅಳೆದೇಬಿಟ್ಟರು.

"ಏನಂತದೆ ಸ್ವಾಮಿ?" ಎಂದು ಜವರಪ್ಪ ಆ ಕಡೆಯಿಂದ ಕೂಗಿದರು.

"ಒಪ್ಪಿದೆ!" ಎಂದು ಆದಿನಾರಾಯಣಪ್ಪ ಕೂಗಿದರು. ಕೆಳಗೆ ನಿಂತಿದ್ದ ನೇಕಾರರಿಗೆ ಏನು ಎಂದು ತಿಳಿಯದಿದ್ದರೂ ಅವರೂ ನಕ್ಕರು.

ಯುಗಾದಿಯ ಹೊತ್ತಿಗೆ ಹೆಂಚು ಹೊದಿಸಿ, ಒಳಗೆ ಮಗ್ಗದ ಕುಣಿಗಳನ್ನು ತೋಡಿದರು. ವರಲಕ್ಷ್ಮಮ್ಮನ ತಮ್ಮಂದಿರೂ ಅಲ್ಲಿಗೇ ಕೆಲಸಕ್ಕೆ ಬಂದರು. ಮಧ್ಯಾಹ್ನ ಗಂಡನಿಗೆ ಬುತ್ತಿ ಕೊಡಲು ಹೋಗುವಾಗ ವರಲಕ್ಷ್ಮಮ್ಮ ಆ ದಾರಿಯಲ್ಲೇ ಹಾಯ್ದು, ಒಳಗೊಮ್ಮೆ ಇಣುಕಿ, ಅರವತ್ತು ಮಗ್ಗದ ಸದ್ದು ಕೇಳಿ ಮುಂದೆ ಹೋಗುತ್ತಿದ್ದರು. "ಒಂದು ಕಂಬ ಇಲ್ಲ ನೋಡ್ರೀ, ಎಷ್ಟು ವಿಶಾಲವಾಗೈತೆ," ಎಂದು ತಿಂಗಳಿಗೊಮ್ಮೆಯಾದರೂ ಗಂಡನಿಗೆ ಹೇಳುತ್ತಿದ್ದರು.

ಆದಿನಾರಾಯಣಪ್ಪ ಅದೇ ಕಚೇರಿಯಲ್ಲಿ ಇನ್ನೂ ಹದಿನಾಲ್ಕು ವರ್ಷ ಕೆಲಸ ಮಾಡಿದರು. ದೊಡ್ಡ ಹೆಸರೇನೂ ಬರಲಿಲ್ಲ, ಬೇಕು ಅಂತ ಅವರಿಗೂ ಅನಿಸಲಿಲ್ಲ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಮಾತ್ರ ಅವರ ಕೈಬರಹ ಮೇಸ್ತ್ರಿಗಳಿಗೆ ಗುರುತಿತ್ತು. ಜವರಪ್ಪ ಹೊಸ ನಕ್ಷೆ ತಂದಾಗಲೆಲ್ಲ ರೈಲು ಇಳಿದವರು ಮೊದಲು ಆದಿನಾರಾಯಣಪ್ಪನವರ ಮನೆಗೇ ಹೋಗಿ, ವರಲಕ್ಷ್ಮಮ್ಮ ಕೊಟ್ಟ ಕಾಫಿ ಕುಡಿದು, ಸುರುಳಿಯನ್ನು ಜಗಲಿಯ ಮೇಲೇ ಬಿಚ್ಚುತ್ತಿದ್ದರು. ತಿರಸ್ಕರಿಸಿದ ಹಾಳೆಗಳು ಆಮೇಲೂ ಎಷ್ಟೋ ಹೋದವು. ಜವರಪ್ಪ ಪ್ರತಿ ಸಲವೂ ಜಗಳ ಆಡುತ್ತಿದ್ದರು, ಅರ್ಧಕ್ಕರ್ಧ ಸಲ ಗೆಲ್ಲುತ್ತಲೂ ಇದ್ದರು.